ನೂರರಲ್ಲಿ ಆ ಒಬ್ಬರು

ನಮ್ಮ ಆಫೀಸಿನಲ್ಲಿ ಆಕೆಗೆ ‘ಕತ್ತರಿ’ ಎಂದು ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಎದುರಿಗೆ ಮೇಡಂ, ಬೆನ್ನ ಹಿಂದೆ ಕತ್ತರಿ. ಬೆನ್ನ ಹಿಂದಿನ ಹೆಸರೂ ಆಕೆಗೆ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು ಎಂದು ನನ್ನ ಗುಮಾನಿ. ದಿನಪತ್ರಿಕೆಯ ಆರೋಗ್ಯ ಪುಟ ಆಕೆಯ ಸುಪರ್ದಿಯಲ್ಲಿತ್ತು. ಆ ಪುಟದ ವಿನ್ಯಾಸ ಮಾಡುವವನು ನಾನು. ಎರಡು ಕುರ್ಚಿ, ಒಂದು ಮೇಜು, ಸದಾ ಗೊರಗೊರ ಎನ್ನುವ ಒಂದು ಫ್ಯಾನು, ಇಷ್ಟೇ ನಮ್ಮ ಸಾಮ್ರಾಜ್ಯ.

ಎಂಥ ಉದ್ದದ ಬರಹವನ್ನೂ ಆಕೆ ನಿಮಿಷಾರ್ಧದಲ್ಲಿ ಜಾಗಕ್ಕೆ ಹೊಂದಿಸುತ್ತಿದ್ದಳು. ಪತ್ರಿಕೆಗಳಲ್ಲಿ ಅದಕ್ಕೊಂದು ರೂಢಿಯಿದೆ. ಮುಖ್ಯವಾದದ್ದು ಮೇಲೆ ಇರುತ್ತದೆ, ಆದ್ದರಿಂದ ಜಾಗ ಸಾಲದಿದ್ದರೆ ಬುಡದಿಂದ ಕತ್ತರಿಸು. ತಲೆ ಉಳಿಯುತ್ತದೆ, ಬಾಲ ಹೋಗುತ್ತದೆ. ಬಾಲ ಹೋದರೆ ಯಾರೂ ಅಳುವುದಿಲ್ಲ ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. ನಾನಂತೂ ಆ ನಂಬಿಕೆಯ ಮೇಲೆಯೇ ಅರ್ಧ ಆಯುಷ್ಯ ಕಳೆದವನು.

ಕತ್ತರಿಯ ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ಆಕೆಯ ಅಕ್ಕ. ತಾಯಿಯಿಲ್ಲದ ಹುಡುಗಿಯನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಓದಿಸಿ, ಕೆಲಸಕ್ಕೆ ಸೇರಿಸಿದ್ದು ಆ ಅಕ್ಕನೇ. ಭಾವ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅಂದಿನಿಂದ ಅಕ್ಕನಿಗೆ ಎದೆಯಲ್ಲಿ ಸಣ್ಣದೊಂದು ಚುಳುಕ್ ಎಂದರೂ ಜೀವ ಹಾರಿಹೋಗುತ್ತಿತ್ತು. ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ. ಬಿಪಿ ಸರಿ, ಶುಗರ್ ಸರಿ, ಹೃದಯ ಗಟ್ಟಿ. “ನಮ್ಮಕ್ಕನ ಹಾರ್ಟು ನಮ್ಮ ಪ್ರಿಂಟಿಂಗ್ ಮಷಿನ್‌ಗಿಂತ ಚೆನ್ನಾಗಿ ಓಡುತ್ತೆ” ಎಂದು ಕತ್ತರಿ ನಗುತ್ತಿದ್ದಳು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಆ ಅಕ್ಕ ಪತ್ರಿಕೆಯಲ್ಲಿ ಓದುತ್ತಿದ್ದದ್ದು ಒಂದೇ ಪುಟ, ತಂಗಿಯದು. ಓದಿ, ಮಡಚಿ, ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದಳಂತೆ.

ಒಂದು ದಿನ ಔಷಧ ಕಂಪನಿಯೊಂದರ ಪ್ರಕಟಣೆ ಬಂತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನಾ ನುಂಗಿದರೆ ಆರೋಗ್ಯವಂತರಲ್ಲೂ ಹೃದಯಾಘಾತ ಅರ್ಧಕ್ಕರ್ಧ ಇಳಿಯುತ್ತದೆ ಎಂದು ದೊಡ್ಡ ಅಧ್ಯಯನದಲ್ಲಿ ತಿಳಿದುಬಂದಿದೆಯಂತೆ. ಕತ್ತರಿ ಓದಿದಳು, ತಿದ್ದಿದಳು, ಶೀರ್ಷಿಕೆ ಕೊಟ್ಟಳು: ‘ಹೃದಯಾಘಾತದ ಅಪಾಯ ಶೇ. 50 ಕಡಿತ!’ ಅದರ ಕೆಳಗೆ ಸಣ್ಣಕ್ಷರದಲ್ಲಿ: ‘ರಕ್ತಸ್ರಾವದ ಸಾಧ್ಯತೆ ಶೇ. 1ರಷ್ಟು ಮಾತ್ರ ಹೆಚ್ಚು’. ನಾನು ಆ ಐವತ್ತನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿ, ಕೆಂಪು ಬಳಿದು ಕೂರಿಸಿದೆ. ನೋಡಲು ಭರ್ಜರಿಯಾಗಿತ್ತು. ಅಷ್ಟರಲ್ಲಿ ಜಾಹೀರಾತು ವಿಭಾಗದವರು ಹಾಸಿಗೆ ಅಂಗಡಿಯದೊಂದು ಜಾಹೀರಾತು ತಂದು ತುರುಕಿದರು.

“ಮೇಡಂ, ಕೊನೇ ಪ್ಯಾರಾ ಜಾಗದಲ್ಲಿ ಹಿಡಿಸ್ತಿಲ್ಲ” ಎಂದೆ.

“ಏನಿದೆ ಅದ್ರಲ್ಲಿ?”

“ನೂರರಲ್ಲಿ ಇಷ್ಟು ಜನ, ಅಷ್ಟು ಜನ ಅಂತ ಏನೋ ಲೆಕ್ಕ.”

“ತೆಗೀರಿ ಅತ್ಲಾಗೆ. ಅಂಕಿ ಮೇಲೇ ಇದೆಯಲ್ಲ.”

ತೆಗೆದೆ. ಪುಟ ಅಚ್ಚಿಗೆ ಹೋಯಿತು. ಮರುದಿನ ಸುದ್ದಿ ಸಂಪಾದಕರು ಎಲ್ಲರೆದುರು ಶಹಭಾಸ್ ಎಂದರು. ಅವರ ಬಾಯಿಂದ ಶಹಭಾಸ್ ಬರುವುದೆಂದರೆ ಸಾಮಾನ್ಯವೇ? ಕತ್ತರಿ ಅವತ್ತೆಲ್ಲ ಕಾಫಿ ಕೊಡಿಸಿದಳು.

ಮಳೆಗಾಲ ಮುಗಿಯುತ್ತ ಬಂದಿರುವಾಗ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆಕೆಯ ಫೋನ್ ಬಡಿದುಕೊಂಡಿತು. ಪಕ್ಕದ ಮನೆಯವರು. ಅಕ್ಕ ಬಚ್ಚಲಲ್ಲಿ ಬಿದ್ದಿದ್ದಾರೆ, ಮೈಯೆಲ್ಲ ತಣ್ಣಗಾಗಿದೆ, ಆಸ್ಪತ್ರೆಗೆ ಒಯ್ದಿದ್ದೇವೆ. “ಹಾರ್ಟ್ ಅಟ್ಯಾಕ್” ಎಂದಳು ನನ್ನ ಕಡೆ ತಿರುಗಿ. “ಭಾವನ ಥರಾನೇ.” ನನ್ನ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಆಕೆ ನನ್ನ ಅಂಗಿಯನ್ನು ಹಿಂದಿನಿಂದ ಹಿಡಿದೇ ಇದ್ದಳು.

ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಹೊಟ್ಟೆಯೊಳಗೆ ರಕ್ತ ಸುರಿದಿತ್ತು. ಎರಡು ದಿನದಿಂದ ಮಲ ಕಪ್ಪಾಗಿ ಹೋಗುತ್ತಿತ್ತಂತೆ, ಆ ಪುಣ್ಯಾತ್ಗಿತ್ತಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಒಳಗೆ ರಕ್ತ ಏರಿಸುತ್ತಿದ್ದರು. ಅಕ್ಕನನ್ನು ಮೊದಲಿನಿಂದಲೂ ನೋಡುತ್ತಿದ್ದ ಡಾಕ್ಟರಮ್ಮ ಅದೇ ಆಸ್ಪತ್ರೆಯವರು. ಹೊರಗೆ ಬಂದವರೇ ಕೇಳಿದರು, “ನಿಮ್ಮಕ್ಕ ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರು, ಗೊತ್ತಿತ್ತಾ?”

“ಇಲ್ಲವಲ್ಲ! ಯಾರು ಬರ್ಕೊಟ್ರು?”

“ನಾನಂತೂ ಬರ್ಕೊಡ್ಲಿಲ್ಲ. ಪೇಪರ್ ಹಿಡ್ಕೊಂಡು ನನ್ನ ಹತ್ರ ಬಂದಿದ್ರು. ನಿಮಗೆ ಬೇಡಮ್ಮ ಅಂದೆ. ‘ನನ್ನ ತಂಗಿ ಬರ್ದಿರೋದು ಡಾಕ್ಟ್ರೇ, ಅವಳು ಸುಳ್ಳು ಬರೆಯಲ್ಲ’ ಅಂದ್ರು. ಆಮೇಲೆ ಮೆಡಿಕಲ್ ಶಾಪಲ್ಲಿ ತಾವೇ ಕೊಂಡ್ಕೊಂಡಿದಾರೆ.”

ಆ ಕೆಂಪು ಐವತ್ತು ನನ್ನ ಕೈಕೆಲಸವಲ್ಲವೇ?

“ಸುಳ್ಳು ಬರೆದಿಲ್ಲ ಡಾಕ್ಟ್ರೇ” ಎಂದಳು ಕತ್ತರಿ. “ಅಧ್ಯಯನದಲ್ಲೇ ಇತ್ತು. ಐವತ್ತು ಪರ್ಸೆಂಟ್.”

“ಸುಳ್ಳಲ್ಲ. ಆ ಅಧ್ಯಯನ ನಾನೂ ಓದಿದೀನಿ.” ಡಾಕ್ಟರಮ್ಮ ಆಕೆಯನ್ನು ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದರು. ಹಾಲ್‌ನಲ್ಲಿ ಚೀಟಿ ಹಿಡಿದುಕೊಂಡು ಜನ ಕಿಕ್ಕಿರಿದಿದ್ದರು. “ಇಲ್ಲಿ ನಿಮ್ಮಕ್ಕನ ಥರದವ್ರೇ ನೂರು ಜನ ಇದಾರೆ ಅಂದ್ಕೊಳ್ಳಿ. ಯಾವ ಕಾಯಿಲೆನೂ ಇಲ್ಲದವ್ರು. ಮಾತ್ರೆ ಗೀತ್ರೆ ಏನೂ ಇಲ್ದೆ ಐದು ವರ್ಷದಲ್ಲಿ ಎಷ್ಟು ಜನಕ್ಕೆ ಹಾರ್ಟ್ ಅಟ್ಯಾಕ್ ಆಗುತ್ತೆ, ಹೇಳಿ.”

“ಇಪ್ಪತ್ತು? ಮೂವತ್ತು?”

“ಇಬ್ರಿಗೆ. ಎಲ್ರೂ ಮಾತ್ರೆ ತಗೊಂಡ್ರೆ ಒಬ್ರಿಗೆ. ಎರಡಿದ್ದದ್ದು ಒಂದಾಯ್ತು. ಅದೇ ನಿಮ್ಮ ಐವತ್ತು ಪರ್ಸೆಂಟ್.”

ನಾನು ಹಾಲ್‌ನಲ್ಲಿ ಕೂತವರ ಮುಖಗಳನ್ನು ನೋಡಿದೆ. ಐವತ್ತು ಎಂದ ಕೂಡಲೇ ಇಲ್ಲಿ ಅರ್ಧ ಹಾಲ್ ಜನ ಬದುಕಿಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ದೇವರಾಣೆ, ಹಾಗೆಯೇ ತಿಳಿದಿದ್ದೆ!

“ಇನ್ನು ರಕ್ತಸ್ರಾವ” ಎಂದರು ಡಾಕ್ಟರಮ್ಮ. “ಅದೇ ನೂರು ಜನ. ಮಾತ್ರೆ ತಗೊಳ್ದೇ ಇದ್ರೆ ಹೀಗೆ ಜೋರಾಗಿ ರಕ್ತ ಹೋಗೋದು ಒಬ್ರಿಗೆ. ತಗೊಂಡ್ರೆ ಇಬ್ರಿಗೆ.”

“ಒಂದು ಪರ್ಸೆಂಟ್ ಮಾತ್ರ ಅಂತ...” ಎಂದು ಶುರು ಮಾಡಿದ ಕತ್ತರಿ ಅಲ್ಲೇ ತಡೆದಳು. ಆಕೆಯ ಬೆರಳುಗಳು ಮಡಿಲಲ್ಲಿ ಲೆಕ್ಕ ಹಾಕುತ್ತಿದ್ದವು. “ಅಂದ್ರೆ ಅಲ್ಲೂ ಒಬ್ರು, ಇಲ್ಲೂ ಒಬ್ರು? ಆ ಐವತ್ತೂ ಈ ಒಂದೂ ಒಂದೇನಾ?”

“ಒಂದೇ. ಲಾಭನ ಒಂದು ಅಳತೇಲಿ ಅಳೆದ್ರು, ನಷ್ಟನ ಇನ್ನೊಂದು ಅಳತೇಲಿ. ಲಾಭ ಹೇಳುವಾಗ, ಇದ್ದ ಅಪಾಯದಲ್ಲಿ ಎಷ್ಟು ಪಾಲು ಹೋಯ್ತು ಅಂತ. ನಷ್ಟ ಹೇಳುವಾಗ, ನೂರು ಜನದಲ್ಲಿ ಎಷ್ಟು ಜನ ಜಾಸ್ತಿಯಾದ್ರು ಅಂತ. ಎರಡೂ ನಿಜವೇ.”

“ನೂರು ಜನದ ಲೆಕ್ಕ ಅದರಲ್ಲೇ ಇತ್ತು” ಎಂದೆ ನಾನು. “ಕೊನೇ ಪ್ಯಾರಾದಲ್ಲಿ.” ಕತ್ತರಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಜಗತ್ತಿನಲ್ಲಿ ಬಾಲ ಹೋದರೆ ಅಳುವವರೂ ಇದ್ದಾರೆ.

ಏಳುವ ಮುನ್ನ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. “ಮಾತ್ರೆ ಕೆಟ್ಟದು ಅಂತ ಮಾತ್ರ ಬರೀಬೇಡಿ. ಆಗಲೇ ಒಂದ್ಸಲ ಹಾರ್ಟ್ ಅಟ್ಯಾಕ್ ಆದವ್ರಲ್ಲಿ ನೂರಕ್ಕೆ ಇಪ್ಪತ್ತು ಜನಕ್ಕೆ ಮತ್ತೆ ಆಗಬಹುದು ಅಂತಿಟ್ಕೊಳ್ಳಿ. ಅದು ಅರ್ಧಕ್ಕಿಳಿದ್ರೆ ಹತ್ತು ಜನ ಉಳ್ಕೊಂಡ್ರು. ಅದೇ ಐವತ್ತು ಪರ್ಸೆಂಟ್, ಆದ್ರೆ ಅಲ್ಲಿ ಹತ್ತು ಜೀವ. ಅವರಿಗೆ ಮಾತ್ರೆ ಬೇಕೇ ಬೇಕು.”

ಮಧ್ಯಾಹ್ನ, ಅಕ್ಕನ ರಕ್ತಸ್ರಾವ ನಿಂತಿತು ಎಂದು ತಿಳಿದ ಮೇಲೆ, ಕತ್ತರಿ ನೇರ ಆಫೀಸಿಗೆ ಬಂದು ಸುದ್ದಿ ಸಂಪಾದಕರ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟಲೂ ಇಲ್ಲ, ಹಿಂದೆಯೇ ನಾನೂ ಹೋದೆ. ಎಲ್ಲವನ್ನೂ ಹೇಳಿದಳು. ಸಂಪಾದಕರು ನಿಜಕ್ಕೂ ಬೆಚ್ಚಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆದರೆ ಮನುಷ್ಯನಿಗೆ ಚಟ ಎಂಬುದು ಬಿಡುತ್ತದೆಯೇ? ಎರಡೇ ನಿಮಿಷ.

“ನಾಳೆ ಮುಖಪುಟದಲ್ಲೇ ಹಾಕೋಣ” ಎಂದರು. “‘ಆ ಮಾತ್ರೆಯಿಂದ ರಕ್ತಸ್ರಾವ ಶೇ. 100 ಹೆಚ್ಚಳ!’ ಒಂದಿದ್ದದ್ದು ಎರಡಾಯ್ತಲ್ಲ, ನೂರು ಪರ್ಸೆಂಟ್ ನಿಜ ತಾನೇ?”

ಕತ್ತರಿ ಅವರನ್ನು ನೋಡಿದ ರೀತಿಗೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

“ನಿಜ ಸರ್. ನಾನು ಬರೆದದ್ದೂ ನಿಜಾನೇ ಆಗಿತ್ತು. ನಿಜ ಬರೆದೇ ನಮ್ಮಕ್ಕನನ್ನ ಆಸ್ಪತ್ರೆಗೆ ಕಳಿಸಿದೆ. ಈಗ ಈ ನಿಜ ಓದಿ, ಮಾತ್ರೆ ಬೇಕಾದವ್ರು ಬಿಸಾಕಿ, ಎದೆ ಹಿಡ್ಕೊಂಡು ಬಿದ್ರೆ ಯಾರ ಮನೆಗೆ ಹೋಗಿ ನಿಂತ್ಕೊಳ್ಳೋಣ?”

ಮರುದಿನದ ಪುಟದಲ್ಲಿ ಆಕೆ ಶೇಕಡಾ ಎಂಬ ಪದವನ್ನೇ ಬಳಸಲಿಲ್ಲ. ‘ಆರೋಗ್ಯವಂತರು ಮಾತ್ರೆ ನುಂಗಿದರೆ: ನೂರರಲ್ಲಿ ಒಬ್ಬರಿಗೆ ಹೃದಯಾಘಾತ ತಪ್ಪುತ್ತದೆ, ಹೆಚ್ಚುವರಿಯಾಗಿ ಒಬ್ಬರಿಗೆ ರಕ್ತಸ್ರಾವವಾಗುತ್ತದೆ. ಹಿಂದಿನ ವರದಿಯಲ್ಲಿ ನಾವು ಇದನ್ನು ಹೇಳಲಿಲ್ಲ.’ ಕೆಳಗೆ ಡಾಕ್ಟರಮ್ಮ ಹೇಳಿದ ನೂರು ಜನದ ಪೂರ್ತಿ ಲೆಕ್ಕ, ಜೊತೆಗೆ ಈಗಾಗಲೇ ವೈದ್ಯರು ಬರೆದುಕೊಟ್ಟವರು ಅವರನ್ನು ಕೇಳದೆ ಮಾತ್ರೆ ಬಿಡಕೂಡದು ಎಂಬ ಮಾತು. ಇಷ್ಟುದ್ದದ ಶೀರ್ಷಿಕೆಯನ್ನು ನನ್ನ ಜನ್ಮದಲ್ಲಿ ಕೂರಿಸಿರಲಿಲ್ಲ. ನೋಡಲು ಚೂರೂ ಚೆನ್ನಾಗಿರಲಿಲ್ಲ. ಜಾಹೀರಾತಿನವರು ಬಂದು ಕೂಗಾಡಿದರು, ಆಕೆ ತಲೆಯೆತ್ತಲಿಲ್ಲ.

ಆ ಪತ್ರಿಕೆ ಹಿಡಿದುಕೊಂಡು ಇಬ್ಬರೂ ಆಸ್ಪತ್ರೆಗೆ ಹೋದೆವು. ಅಕ್ಕ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ಮುಖ ಸುಣ್ಣದ ಹಾಗಿತ್ತು. ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ, ಮೊದಲಿನಿಂದ ಕೊನೆಯ ಸಾಲಿನವರೆಗೂ ಓದಿದಳು. ಡಾಕ್ಟರಮ್ಮ ಕಾಲ ಬಳಿ ನಿಂತು ಆಕೆಯ ಚೀಟಿ ನೋಡುತ್ತಿದ್ದರು.

“ಅಲ್ಲ ಕಣೇ” ಎಂದಳು ಅಕ್ಕ. “ಮಾತ್ರೆ ತಗೊಂಡ ನೂರು ಜನದಲ್ಲಿ ಇಬ್ರಿಗೆ ರಕ್ತ ಹೋಗುತ್ತೆ. ಅದ್ರಲ್ಲಿ ಒಬ್ಳಿಗೆ ಮಾತ್ರೆ ಇಲ್ದಿದ್ರೂ ಹೋಗ್ತಿತ್ತು. ಇನ್ನೊಬ್ಳಿಗೆ ಮಾತ್ರೆಯಿಂದ ಆಯ್ತು. ಹಾಗೆ ತಾನೇ?”

“ಹೂಂ ಅಕ್ಕ.”

“ಅವರಿಬ್ಬರಲ್ಲಿ ನಾನು ಯಾರು?”

ಕತ್ತರಿ ತಟ್ಟನೆ ಡಾಕ್ಟರಮ್ಮನ ಕಡೆ ತಿರುಗಿದಳು. ಆ ಮುಖದಲ್ಲಿದ್ದ ಆಸೆ ನೋಡಿ ನನಗೆ ಸಂಕಟವಾಯಿತು. ಡಾಕ್ಟರಮ್ಮ ಚೀಟಿಯನ್ನು ಕೆಳಗಿಳಿಸಿದರು.

“ಮಾತ್ರೆಯಿಂದಲೇ ಆಗಿರಬಹುದಮ್ಮ. ಇಲ್ದಿದ್ರೂ ಆಗ್ತಿತ್ತೇನೋ. ನೂರು ಜನದ ಲೆಕ್ಕ ಹೇಳ್ಬಹುದು, ಅದರಲ್ಲಿ ನೀವ್ಯಾರು ಅಂತ ಹೇಳೋಕೆ ಬರಲ್ಲ. ಯಾವತ್ತಿಗೂ ಬರಲ್ಲ.”

ಕತ್ತರಿ ಮಂಚದ ಕಂಬಿ ಹಿಡಿದುಕೊಂಡಳು. ತಪ್ಪು ತನ್ನದೆಂದಿದ್ದರೆ ಕಾಲಿಗೆ ಬೀಳುತ್ತಿದ್ದಳು, ಅಲ್ಲವೆಂದಿದ್ದರೆ ನಿಟ್ಟುಸಿರು ಬಿಡುತ್ತಿದ್ದಳು. ಎರಡಕ್ಕೂ ದಾರಿ ಇರಲಿಲ್ಲ.

ಅಕ್ಕ ಪತ್ರಿಕೆ ಮಡಚಿ ಹೊದಿಕೆಯ ಮೇಲಿಟ್ಟು, ತಂಗಿಯ ಕಡೆ ತಿರುಗಿದಳು.

“ಹಾಗಾದ್ರೆ ನಿನ್ನನ್ನ ನೆಟ್ಟಗೆ ಬೈಯೋಕೂ ಆಗಲ್ವಲ್ಲೇ” ಎಂದಳು.

“ಬೈದುಬಿಡು ಅಕ್ಕ” ಎಂದಳು ಕತ್ತರಿ.

ಅಕ್ಕ ಬೈಯಲಿಲ್ಲ.