ಆಪಾ ಸುಮ್ಮನೆ ಕೂತಾಗ

ಮೊನ್ನೆ ಸಂಜೆ ದಾದರ್‌ನಿಂದ ಹೊರಟ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಎದುರು ಸೀಟಿನ ಹೆಂಗಸೊಬ್ಬಳು ಮಡಿಲಿಗೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪಿನ ಕಟ್ಟು ಬಿಚ್ಚಿದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆಪಾ ನೆನಪಾದಳು. ಪಕ್ಕದಲ್ಲಿ, ಆಪಾ ಇದ್ದಾಗ ನಮ್ಮ ಜೊತೆಗೇ ಓಡಾಡುತ್ತಿದ್ದ ಬೆಳಗಾವಿಯವಳು ಕೂತಿದ್ದಳು. ಅವಳಿಗೂ ನೆನಪಾಗಿರಬೇಕು. ಇಬ್ಬರೂ ಮೊಬೈಲ್ ತೆಗೆದೆವು.

ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅದಕ್ಕೇ ಅವರ ಮಾತಿನಂತೆ ಆಪಾ, ಅಂದರೆ ಅಕ್ಕ; ವಿಜಯಪುರದ ಕಡೆಯವಳು. ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಚಾದರು, ದಿಂಬಿನ ಚೀಲ ಹೊಲಿಯುವ ಕೆಲಸ. ಜೋಗೇಶ್ವರಿಯ ನಮ್ಮ ಚಾಳಿನಲ್ಲೇ ಮನೆ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಟ್ರೇನಿನಲ್ಲಿ ಜಾಗಕ್ಕಾಗಿ ಜಗಳವಾಡುವಾಗ ಮಾತ್ರ ಮರಾಠಿ. ನನ್ನ ಆಫೀಸೂ ಪರೇಲ್‌ನಲ್ಲೇ ಇದ್ದುದರಿಂದ ಸಂಜೆ ಇಬ್ಬರೂ ದಾದರ್‌ಗೆ ನಡೆದು ಬರುತ್ತಿದ್ದೆವು. ದಾರಿಯಲ್ಲಿ ಒಂದು ಕಟ್ಟು ಸೊಪ್ಪು ಕೊಳ್ಳುವುದು, ದಾದರ್‌ನಿಂದಲೇ ಹೊರಡುವ ಲೋಕಲ್ ಹಿಡಿಯುವುದು, ಸೀಟು ಸಿಕ್ಕ ಮೇಲೆ ಅದನ್ನು ಸೋಸುವುದು.

"ತಗೊ, ಅರ್ಧಾ ನಿಂದು," ಎಂದು ಆಪಾ ನನ್ನ ಮಡಿಲಿಗೆ ಹಾಕಿದರೆ ಅಂಧೇರಿ ಬರುವವರೆಗೆ ಮತ್ತೆ ಮಾತಿಲ್ಲ. ಎಲೆ ಬಿಡಿಸುವುದು, ದಂಟು ಬೇರೆ ಇಡುವುದು. ಬಾಂದ್ರಾದಲ್ಲಿ ಜನ ನುಗ್ಗಿದರೆ ಆಪಾಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಇಬ್ಬರೂ ಸರಿಯುತ್ತಿರಲಿಲ್ಲ. ಅಂಧೇರಿ ಬಂದಾಗ ಅವಳು, "ಅಕಿ ಮಗಳ ಮದುವಿ ಮುರದಂಗ ಕಾಣತೈತಿ," ಅನ್ನುತ್ತಿದ್ದಳು. ಯಾರ ಮಗಳು ಎಂದು ನಾನು ಕೇಳಬೇಕಾಗಿರಲಿಲ್ಲ, ನಿನ್ನೆ ಬಿಟ್ಟ ಮಾತಿನ ಮುಂದುವರಿಕೆ ಅದು. ಆ ಸುಮ್ಮನಿರುವಿಕೆ ನನಗೆ ಸಿಕ್ಕ ಆಸ್ತಿ ಅಂತ ಆಗ ಗೊತ್ತಿರಲಿಲ್ಲ… ಇದ್ದಾಗ ಯಾರಿಗೆ ಗೊತ್ತಿರುತ್ತದೆ?

ಆಮೇಲೆ ಬೆಳಗಾವಿಯವಳು ಬಂದಳು, ಮೊದಲ ದಿನ ಫೋರ್ಥ್ ಸೀಟಾಗಿ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಅರ್ಧ ಗಾಳಿಯಲ್ಲಿ ಇರುವ ಜಾಗಕ್ಕೆ ಮುಂಬೈಯಲ್ಲಿ ಆ ಹೆಸರು. ಬ್ಯಾಂಕಿನ ಕೆಲಸದವಳು, ಇಳಿಯುವುದೂ ಜೋಗೇಶ್ವರಿಯಲ್ಲೇ. ಕನ್ನಡ ಕೇಳಿ, "ನೀವು ನಮ್ಮ ಕಡೇವ್ರೇನ್ರೀ?" ಎಂದಳು. ಆಪಾ ಅವಳಿಗೆ ಸರಿದು ಜಾಗ ಕೊಟ್ಟಳು. ತಿಂಗಳೊಳಗೆ ಸೊಪ್ಪಿನ ಕಟ್ಟು ಮೂರು ಪಾಲಾಯಿತು.

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಅವರಿಬ್ಬರು ಹರಟೆ ಹೊಡೆದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಹರಟೆ ಯಾರ ಜೊತೆಗಾದರೂ ಹೊಡೆಯಬಹುದು. ಆದರೆ ಆಪಾ ಅವಳ ಪಕ್ಕದಲ್ಲೂ ಸುಮ್ಮನೆ ಕೂರತೊಡಗಿದಳು! ನನ್ನ ಮೂರು ವರ್ಷದ ಗಳಿಕೆ ಅವಳಿಗೆ ಮೂರೇ ತಿಂಗಳಲ್ಲಿ ಸಿಕ್ಕಿತ್ತು. ಅವಳು ಸೊಪ್ಪು ಸೋಸುವಾಗ ಹಣ್ಣೆಲೆಗಳನ್ನೂ ಬಿಡುತ್ತಾಳೆ ಎಂದು ನಾನು ಮನಸ್ಸಿನಲ್ಲೇ ತಪ್ಪು ಹುಡುಕುತ್ತಿದ್ದೆ.

ಒಂದು ಸೋಮವಾರ ನನಗೆ ಆಫೀಸಿನಲ್ಲಿ ತಡವಾಯಿತು. ಓಡುತ್ತ ದಾದರ್‌ಗೆ ಬಂದು ಡಬ್ಬಿ ಹತ್ತಿದರೆ ಅವರಿಬ್ಬರೂ ಅಕ್ಕಪಕ್ಕ ಕೂತಿದ್ದಾರೆ, ಮಾತಿಲ್ಲ ಕತೆಯಿಲ್ಲ. ಆಪಾಳ ಮುಖ ಕಿಟಕಿಯ ಕಡೆಗೆ. ಜಗಳವಾಗಿದೆ ಅಂದುಕೊಂಡೆ. ಹಾಲು ಕುಡಿದಷ್ಟು ಸಂತೋಷವಾಯಿತು. ಇಬ್ಬರ ನಡುವೆ ಹೇಗೋ ತೂರಿ ಕೂತು ಮಾತು ಶುರು ಮಾಡಿದೆ. ಆಫೀಸಿನ ಬಾಸ್, ಚಾಳಿನ ನಳ, ಈರುಳ್ಳಿ ರೇಟು… ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ. ಆಪಾ ಹೂಂ ಅನ್ನುತ್ತಿದ್ದಳು. ನಾನು ಗೆದ್ದೆನೆಂದು ಬೀಗಿ ಇನ್ನಷ್ಟು ಮಾತಾಡಿದೆ.

ಜೋಗೇಶ್ವರಿಯಲ್ಲಿ ಇಳಿದು ಆಪಾ ಮುಂದೆ ಹೋದ ಮೇಲೆ ಬೆಳಗಾವಿಯವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಮಧ್ಯಾಹ್ನ ರಿಪೋರ್ಟ್ ಬಂತ್ರೀ. ಎದಿಯೊಳಗ ಗಂಟದ. ಆಪರೇಶನ್ ಮಾಡ್ಬೇಕಂತ. ದಾದರ್‌ದಾಗ ನನಗ ಇಷ್ಟ ಹೇಳಿ, 'ಇನ್ನ ಏನೂ ಕೇಳಬ್ಯಾಡ, ಬಾಜೂಕ ಕುಂದ್ರು ಸಾಕ' ಅಂದ್ರು. ನಿಮಗ ಮನೀಗೆ ಬಂದು ಹೇಳಾವ್ರಿದ್ರು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಯೋಚಿಸಿದರೆ ಎಲ್ಲವೂ ಕಣ್ಣೆದುರೇ ಇತ್ತು. ಮುನಿಸಿಕೊಂಡವರು ಅಷ್ಟು ಒತ್ತಿ ಕೂರುವುದಿಲ್ಲ, ನಡುವೆ ಪರ್ಸನ್ನೋ ಚೀಲವನ್ನೋ ಇಟ್ಟುಕೊಳ್ಳುತ್ತಾರೆ. ಇವರ ಭುಜಕ್ಕೆ ಭುಜ ತಾಗಿತ್ತು. ಯಾರೂ ಮೊಬೈಲ್ ತೆಗೆದಿರಲಿಲ್ಲ, ಒಬ್ಬರ ಮುಖವನ್ನೊಬ್ಬರು ಕದ್ದು ನೋಡುತ್ತಿರಲಿಲ್ಲ. ಬೆಳಗಾವಿಯವಳ ಕೈ ಸೊಪ್ಪಿನಲ್ಲಿ ತನ್ನ ಪಾಡಿಗೆ ಆಡುತ್ತಿತ್ತು, ಆಪಾಳ ಪಾಲನ್ನೂ ಅವಳೇ ಸೋಸುತ್ತಿದ್ದಳು. ಅಂಥ ಮೌನದಲ್ಲಿ ಮಾಡಬೇಕಾದದ್ದು ಅಷ್ಟೇ: ಎದ್ದು ಹೋಗದೆ ಕೈಗೊಂದು ಕೆಲಸ ಹಚ್ಚಿಕೊಂಡು ಕೂರುವುದು. ಅದನ್ನು ಮೂರು ವರ್ಷ ಮಾಡಿದ್ದ ನನಗೇ ಅದು ಗುರುತು ಸಿಗಲಿಲ್ಲ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ.

ಆಪರೇಶನ್ ಆದ ಮೇಲೆ ವಾರ್ಡಿಗೆ ಹೋದೆ. ಈ ಸಲ ತಪ್ಪು ಮಾಡಬಾರದು, ಬಾಯಿ ಮುಚ್ಚಿಕೊಂಡು ಕೂರಬೇಕು ಎಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ಆಪಾ ಫ್ಯಾನ್ ನೋಡಿದಳು, ನಾನು ಸಲೈನ್ ನೋಡಿದೆ. ಇಬ್ಬರೂ ಒಮ್ಮೆಲೇ ಬಾಯಿ ತೆರೆದೆವು.

"ನೀ ಹೇಳ," ಎಂದಳು.

"ಇಲ್ಲ, ನೀ ಹೇಳ ಆಪಾ," ಎಂದೆ.

ಕಾರಣವಿಲ್ಲದೆ ನಕ್ಕೆವು. ಐದು ಗಂಟೆಗೆ ಅವಳು "ಊಟ ಆತೇನ?" ಎಂದು ಕೇಳಿದಳು. ನಾನು ಎರಡು ಸಲ ಮೊಬೈಲ್‌ನಲ್ಲಿ ಟೈಮ್ ನೋಡಿದೆ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಬಂಗಾರದಲ್ಲಿ ಗಿಲೀಟಿನದೂ ಇರುತ್ತದೆ ಅಂತ ಯಾರೂ ನನಗೆ ಹೇಳಲಿಲ್ಲ. ಒಳಗೆ ನುಂಗಿದ ಮಾತೊಂದಿತ್ತು, ಅದರ ಮೇಲೆ ನಾನು ಸುಮ್ಮನಿರುವಿಕೆಯನ್ನು ಮುಚ್ಚಳದಂತೆ ಇಟ್ಟಿದ್ದೆ. ಆಪಾಗೆ ಅದು ತಿಳಿದುಹೋಯಿತು. ಮಾಡಬೇಕಾದದ್ದನ್ನು ಅವಳೇ ಮಾಡಿದಳು, ನೇರ ಕೇಳಿದಳು.

"ಯಾಕ ಬೇಟಾ, ನನ್ನ ಮ್ಯಾಲ ಸಿಟ್ಟಾಗಿಯೇನ? ನಿನಗ ಮೊದಲ ಹೇಳಲಿಲ್ಲಂತ?"

ಹೌದು ಅನ್ನಬಹುದಿತ್ತು. ಅವಳಿಗೆ ಮೊದಲು ಹೇಳಿದೆಯಲ್ಲ, ನನಗೆ ಹೊಟ್ಟೆಕಿಚ್ಚು ಅನ್ನಬಹುದಿತ್ತು. ಬೈಯುತ್ತಿದ್ದಳು, ನಗುತ್ತಿದ್ದಳು, ಆಮೇಲೆ ಇಬ್ಬರೂ ಹಗುರಾಗಿ ಸುಮ್ಮನಾಗುತ್ತಿದ್ದೆವು. ನಾನು ಮಾತ್ರ, "ಛೇ, ಏನಿಲ್ಲ ಆಪಾ," ಎಂದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ವಾಸಿಯಾಗಿ ಒಂದು ವರ್ಷ ಅದೇ ಲೋಕಲ್‌ನಲ್ಲಿ ಜೊತೆಗೇ ಬಂದಳು. ನನ್ನ ಮಡಿಲಿಗೆ ಸೊಪ್ಪು ಹಾಕುತ್ತಿದ್ದಳು, ನಾನು ಈರುಳ್ಳಿ ರೇಟು ಹೇಳುತ್ತಿದ್ದೆ. ಆಮೇಲೆ ಕೆಲಸ ಬಿಟ್ಟು ತಂಗಿಯ ಹತ್ತಿರ ವಿಜಯಪುರಕ್ಕೆ ಹೋದಳು. ಹೋದ ವರ್ಷ ತೀರಿಕೊಂಡಳು. ಸುದ್ದಿ ತಂಗಿಯ ಮನೆಯಿಂದ ಮೊದಲು ಬಂದದ್ದು ಬೆಳಗಾವಿಯವಳಿಗೆ.

ಮೊನ್ನೆ ಸಾಂತಾಕ್ರೂಜ್ ದಾಟಿದರೂ ನಾವಿಬ್ಬರೂ ಮೊಬೈಲ್ ತಿಕ್ಕುತ್ತಲೇ ಇದ್ದೆವು. ಒಂದೇ ಸಲ ತಲೆ ಎತ್ತಿದೆವು, ಒಂದೇ ಸಲ ಸುಮ್ಮನೆ ನಕ್ಕೆವು. ಇದು ಯಾವ ಜಾತಿಯ ಮೌನ ಎಂದು ಈಗ ನನಗೆ ಗೊತ್ತು. ಮೊಬೈಲನ್ನು ಪರ್ಸಿನೊಳಗೆ ಹಾಕಿದೆ.

"ನಿಮ್ಮ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚಿತ್ತು," ಎಂದೆ.

"ಗೊತ್ತಿತ್ರೀ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಪಾಗೂ ಗೊತ್ತಿತ್ತು. 'ಒಮ್ಮೆ ಬಾಯಿ ಬಿಟ್ಟು ಅಂದ್ರ ಸಾಕ, ತಬ್ಕೊಂಡ ಬಿಡ್ತೀನಿ ಅಕಿನ್ನ' ಅಂತಿದ್ರು. ಊರಿಗೆ ಹೋಗೂ ದಿನಾ, ಗಾಡಿ ಬಿಡೂತನಾ ನೀವು ಹೇಳ್ತೀರಂತ ಕಾಯ್ದ್ರು."

ವಿಲೆ ಪಾರ್ಲೆ ಬಂತು, ಹೋಯಿತು. ಆಪಾ ಇನ್ನಿಲ್ಲ, ಇನ್ನು ಹೇಳಿ ಏನು… ಅಳು ಬರುತ್ತಿತ್ತು. ಆದರೂ, ಆ ಮಾತನ್ನೂ ಆಪಾ ಇವಳಿಗೇ ಹೇಳಿದ್ದಳಲ್ಲ ಎಂದು ಹೊಟ್ಟೆ ಉರಿಯಿತು.