ತಾನಾಗೇ ಅಳಿಸಿಹೋದ ಅಳತೆ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಗುಂಡಿ ತೂರುವ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಗಂಡಸರ ಅಳತೆಯನ್ನು ಬೇರೆಯವರು ಕಳಿಸುತ್ತಿದ್ದರು; ಹೆಂಗಸರ ಅಳತೆ ತೆಗೆಯುವುದು ಅವಳ ಪಾಲಿಗೇ ಬಂದಿತ್ತು. ಪರದೆಯ ಹಿಂದೆ ಟೇಪು ಹಿಡಿದು ಅಳೆದು, ಮೊಬೈಲಿನಲ್ಲಿ ಬರೆದು, ಮಹಡಿಯ ಮೇಲಿದ್ದ ಕಟಿಂಗ್ ಮಾಸ್ಟರಿಗೆ ಕಳಿಸುವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಮಾಸ್ಟರಿಗೊಂದು ಪದ್ಧತಿ ಇತ್ತು. ಗಿರಾಕಿ ಬಟ್ಟೆ ಹಾಕಿ ನೋಡಿ, ಸರಿಯಿದೆ ಎಂದು ಒಯ್ದ ಮೇಲೆಯೇ ಆ ಅಳತೆಯ ಮೆಸೇಜನ್ನು ಕನ್ನಡಕ ಏರಿಸಿಕೊಂಡು, ಒಂದೊಂದಾಗಿ ಒತ್ತಿ ಹಿಡಿದು ಅಳಿಸುವರು. ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ.

"ಅಯ್ಯೋ ಮಾಸ್ಟ್ರೇ, ಅಕ್ಕಿಯಲ್ಲಿ ಕಲ್ಲು ಆರಿಸ್ದಂಗೆ ಕೂತಿದೀರಲ್ಲ! ಏಳು ದಿನ ಅಂತ ಇಟ್ಬಿಟ್ರೆ ತಾನಾಗೇ ಹೋಗುತ್ತೆ" ಎಂದು ಕಾಜಕ್ಕ ನಕ್ಕಳು. ಅವಳ ಫೋನು ತುಂಬಿ ತೆವಳುತ್ತಿತ್ತು. ಅವರನ್ನು ಕೇಳುವ ಗೋಜಿಗೂ ಹೋಗದೆ, ಇಬ್ಬರ ಚಾಟಿನಲ್ಲೂ ಹೊಸ ಮೆಸೇಜು ಏಳು ದಿನಕ್ಕೆ ಮಾಯವಾಗುವ ಹಾಗೆ ಮಾಡಿಬಿಟ್ಟಳು. ಮಾಸ್ಟರ ಫೋನಿನಲ್ಲೂ ಒಂದು ಸಣ್ಣ ಸೂಚನೆ ಬಂದಿತ್ತು. ಅಂಥ ಸಣ್ಣಕ್ಷರವನ್ನು ಯಾರು ಓದುತ್ತಾರೆ? ಹಳೆಯ ಮೆಸೇಜುಗಳು ಇದ್ದಲ್ಲೇ ಇದ್ದುದರಿಂದ ಅವರಿಗೆ ಏನೂ ಬದಲಾದಂತೆ ಕಾಣಲಿಲ್ಲ.

ಆ ಸೋಮವಾರ ವಕೀಲೆ ಮೇಡಂ ಕಪ್ಪು ಕೋಟಿಗೆ ಅಳತೆ ಕೊಟ್ಟರು. ಕಾಜಕ್ಕ ಒಂದು ಕಿವಿಯಲ್ಲಿ ತಂಗಿಯ ಫೋನು ಸಿಕ್ಕಿಸಿಕೊಂಡು, ನಾದಿನಿಯ ಪುರಾಣ ಕೇಳುತ್ತಲೇ ಅಳತೆ ಬರೆದು ಕಳಿಸಿದಳು.

ಶನಿವಾರ ಕೋಟು ಗುಂಡಿಗೆಂದು ಅವಳ ಕೈಗೆ ಬಂತು. ತೋಳು ಹಿಡಿದವಳು ತಟ್ಟನೆ ಟೇಪು ಹಚ್ಚಿದಳು. ಗಿಡ್ಡ! ಫೋನು ತೆಗೆದು ನೋಡಿದಳು. ತೋಳಿನ ಉದ್ದ ಇಪ್ಪತ್ಮೂರು ಇರಬೇಕಾದಲ್ಲಿ ಇಪ್ಪತ್ತೊಂದು ಎಂದು ತಾನೇ ಒತ್ತಿದ್ದಳು. ಮಾಸ್ಟರು ಬರೆದದ್ದನ್ನೇ ಕತ್ತರಿಸಿದ್ದರು.

ಇಬ್ಬರ ಫೋನಿನಿಂದಲೂ ಅಳಿಸೋಣವೆಂದರೆ ಕಾಲ ಮೀರಿತ್ತು. ಈಗ ಅಳಿಸಿದರೆ ತನ್ನದರಲ್ಲಷ್ಟೇ ಹೋಗಿ, ಮಾಸ್ಟರ ಹತ್ತಿರ ಹಾಗೇ ಉಳಿಯುತ್ತಿತ್ತು. ಆದರೆ ಸೋಮವಾರ ಅದು ಎರಡೂ ಕಡೆ ತಾನಾಗೇ ಮಾಯವಾಗುತ್ತದೆ. ಮೇಡಂ ಬರುವುದು ಮಂಗಳವಾರ. ಆ ಶನಿವಾರವೇ ಬಾಯಿಬಿಟ್ಟಿದ್ದರೆ ಹೊಸ ತೋಳು ಕತ್ತರಿಸಬಹುದಿತ್ತು. ಅಷ್ಟು ಬಾಯಿಯ ಹೆಂಗಸು ತುಟಿ ಪಿಟಕ್ಕೆನ್ನದೆ ಗುಂಡಿ ಹಚ್ಚಿದಳು. ನಾನೇನೂ ಅಳಿಸಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಂಥ ಸಮಾಧಾನವೋ!

ಮಂಗಳವಾರ ಮೇಡಂ ಕೋಟು ಹಾಕಿಕೊಂಡರು. ಮಣಿಕಟ್ಟು ಪೂರ್ತಿ ಹೊರಗೆ. ಅವರು ಕೋಟು ಬಿಸಾಕಿ ಹೋದ ಮೇಲೆ ಅಂಗಡಿಯ ಯಜಮಾನ ಮಹಡಿಗೆ ಕೇಳುವಂತೆ ಕೂಗಾಡಿದ. ಮಾಸ್ಟರು ಇಳಿದು ಬಂದು ಫೋನು ತೆಗೆದರು. ಮೇಲೆ ಕೆಳಗೆ ಸರಿಸಿದರು. ಮೆಸೇಜು ಇಲ್ಲ.

"ಎಷ್ಟು ಅಂತ ಕಳಿಸಿದ್ದೆ?" ಯಜಮಾನ ಕಾಜಕ್ಕನನ್ನು ಕೇಳಿದ.

"ಇಪ್ಪತ್ಮೂರು" ಎಂದಳು.

ಮಾಸ್ಟರು ಒಂದು ಗಳಿಗೆ ಅವಳ ಮುಖ ನೋಡಿದರು. "ಹಾಗಾದ್ರೆ ನಾನೇ ತಪ್ಪು ಓದ್ಕೊಂಡಿರ್ಬೇಕು. ಕೋಟು ಒಯ್ಯೋ ಮುಂಚೆನೇ ಅಳಿಸೂ ಬಿಟ್ಟಿದೀನಿ ನೋಡಿ. ವಯಸ್ಸಾಯ್ತು, ಕಣ್ಣು ಕೈಕೊಡ್ತಿದೆ."

ಮರುದಿನದಿಂದ ಕತ್ತರಿ ಬೇರೆಯವನ ಕೈಗೆ ಹೋಯಿತು. ಮಾಸ್ಟರು ಮೂಲೆಯಲ್ಲಿ ಕೂತು ಪ್ಯಾಂಟಿನ ಅಂಚು ಮಡಿಚುತ್ತಿದ್ದರು. ಒಂದು ಮಧ್ಯಾಹ್ನ ಟೇಪು ಹಿಡಿದು ಅವಳ ಹತ್ತಿರ ಬಂದರು.

"ಮಗಳೇ, ಇದು ಎಷ್ಟು ತೋರಿಸ್ತಿದೆ ಸ್ವಲ್ಪ ನೋಡು. ನನಗೆ ಮೂವತ್ತೊಂಬತ್ತು ಅಂತ ಕಾಣ್ತಿದೆ. ಆದ್ರೆ ನಂಬಿಕೆ ಬರ್ತಿಲ್ಲ."

ಮೂವತ್ತೊಂಬತ್ತೇ ಇತ್ತು. ಕಾಜಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತ, ಯಜಮಾನನನ್ನು ಕರೆದು, ಎಲ್ಲರೆದುರೇ ಎಲ್ಲವನ್ನೂ ಹೇಳಿದಳು. ತಪ್ಪು ಒತ್ತಿದ್ದು, ಶನಿವಾರ ಕಂಡಿದ್ದು, ಸೋಮವಾರಕ್ಕೆ ಕಾದಿದ್ದು, ಮಂಗಳವಾರ ಸುಳ್ಳು ಹೇಳಿದ್ದು.

ಮಾಸ್ಟರು ಟೇಪು ಸುತ್ತಿದರು. "ಅಂದ್ರೆ ಶನಿವಾರ ಅದು ನನ್ನ ಫೋನಲ್ಲೂ ಇತ್ತು" ಎಂದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಯಜಮಾನ ಅವಳಿಗೆ ಛೀಮಾರಿ ಹಾಕಿ, ಕತ್ತರಿಯನ್ನು ಮಾಸ್ಟರಿಗೆ ಮರಳಿ ಕೊಟ್ಟ. ಅವಳು ಅಂದೇ ಆ ಏಳು ದಿನದ ಗಡುವು ತೆಗೆದುಹಾಕಿದಳು. ಆದರೆ ಒಂದೇ ಸಲ ಅಳೆದು ಕತ್ತರಿ ಹಾಕುತ್ತಿದ್ದ ಮನುಷ್ಯ ಈಗ ಸೀಮೆಸುಣ್ಣದ ಗೆರೆಯನ್ನು ಮೂರು ಮೂರು ಸಲ ಅಳೆಯುತ್ತಾರೆ.

ಮೊನ್ನೆ ಗಿರಾಕಿಯೊಬ್ಬಳು ಬಟ್ಟೆ ಹಾಕಿ ನೋಡಿ, ಖುಷಿಯಿಂದ ಒಯ್ದಳು. ಮಾಸ್ಟರು ಈಗ ಫೋನು ತೆಗೆದು ಮೆಸೇಜು ಅಳಿಸುತ್ತಾರೆ ಎಂದು ಕಾಜಕ್ಕ ಕಾದಳು. ಅವರು ತೆಗೆಯಲೇ ಇಲ್ಲ.

"ಅಳಿಸಲ್ವಾ ಮಾಸ್ಟ್ರೇ? ಫೋನು ತುಂಬಿಹೋಗುತ್ತೆ."

"ತುಂಬ್ಲಿ ಬಿಡಮ್ಮ" ಎಂದರು ಅವರು, ಬಟ್ಟೆಯಿಂದ ಕಣ್ಣೆತ್ತದೆ. "ಬೇರೆಯವರು ಕಳಿಸಿದ್ದು ಅಳಿಸ್ತೀನಿ. ನಿಂದು ಇರ್ಲಿ."