ಮೂವತ್ತು ಸೆಕೆಂಡಿನ ಸೆರಗು

ಕೋಳಿ ಕೂಗುವ ಮೊದಲೇ ಅಂಗಳ ಗುಡಿಸುವುದು, ನಳ ಬರುವ ಹೊತ್ತಿಗೆ ಕೊಡ ಹಚ್ಚುವುದು, ಮಗ್ಗದ ಹಾಸಿನ ಎಳೆಗಳಿಗೆ ಗಂಜಿ ಕಾಯಿಸುವುದು, ಗಂಡ ಈರಪ್ಪ ಓಣಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚುವಾಗ ಹರಿದ ಎಳೆಗಳನ್ನು ಹೊಸೆದು ಕೂಡಿಸುವುದು, ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಮಾವನಿಗೆ ಬಿಸಿನೀರು. ಇಳಕಲ್ಲಿನ ಆ ಓಣಿಯಲ್ಲಿ ಇದನ್ನೆಲ್ಲ ಸಾವಂತ್ರವ್ವನ ಕೆಲಸ ಎನ್ನುತ್ತಾರೆ. ಅದರಲ್ಲಿ ಅರ್ಧವನ್ನು ಮಾಡುವವಳು ಅವಳ ನಾದಿನಿ ಗುರುಬಾಯಿ. ಗಂಡ ಬಿಟ್ಟು ತವರಿಗೆ ಬಂದವಳ ಕೆಲಸಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಹೆಸರು ಇದ್ದದ್ದು ಟೋಪಿ ತೆನಿಗೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸೂ ಬೇರೆ. ಒಡಲಿನ ಎಳೆಯ ತುದಿಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ, ಒಂದಕ್ಕೊಂದು ಸಿಕ್ಕಿಸಿ, ಹಾಸಿನುದ್ದಕ್ಕೂ ಹೀಗೆಯೇ ಕೂಡಿಸುತ್ತ ಹೋಗಬೇಕು; ಅದೇ ಟೋಪಿ ತೆನಿ, ಓಣಿಯ ಮಾತಿನಲ್ಲಿ ಬರೀ ಟೋಪಿ. ಒಂದು ತಪ್ಪಿದರೆ ಸೀರೆಯ ಮೈಮೇಲೆ ಗೆರೆ ಬೀಳುತ್ತದೆ. ಪ್ರತಿ ಸೀರೆಗೂ ಹೊಸದಾಗಿ ಕೂಡಿಸಬೇಕು. ಸಾವಂತ್ರವ್ವನ ಟೋಪಿ ಅಂದರೆ ನೇಕಾರರ ಸಂಘದಲ್ಲಿ ಮಾತಿಲ್ಲದೆ ಒಪ್ಪುತ್ತಿದ್ದರು. ಅವಳ ಕಣ್ಣಿಗೆ ಮಂಜು ಕವಿದ ಮೇಲೆ ಆ ಕೆಲಸವನ್ನು ಗುರುಬಾಯಿಯೇ ಮಾಡುತ್ತಿದ್ದಾಳೆಂದು ಮನೆಯವರಿಗೆ ಮಾತ್ರ ಗೊತ್ತಿತ್ತು. ಸಂಘದವರಿಗೆ ತಿಳಿಸುವ ಗರಜು ಯಾರಿಗೂ ಕಾಣಲಿಲ್ಲ, ಸಾವಂತ್ರವ್ವನಿಗಂತೂ ಕಾಣಲೇ ಇಲ್ಲ.

ಸಂಘದವರು ಮೂವತ್ತು ಸೆಕೆಂಡಿನ ಚಿತ್ರ ಮಾಡಿಸುತ್ತಾರೆಂದು ಕಾರ್ಯದರ್ಶಿ ಸಂಗನಬಸಪ್ಪ ಬಂದು ಹೇಳಿದಾಗ ಸಾವಂತ್ರವ್ವನಿಗೆ ನಗು ಬಂತು.

“ಮೂವತ್ತು ಸೆಕೆಂಡಿನ್ಯಾಗ ಸೀರಿ ಉಡಾಕೂ ಆಗಂಗಿಲ್ಲ, ನೇಯೂದು ತೋರಸ್ತೀರೇನ್ರಿ?”

“ಫೋನಿನ್ಯಾಗ ನೋಡೋರಿಗೆ ಅಷ್ಟs ಪುರಸೊತ್ತು, ಅವ್ವಾರ. ಒಡಲು ಯಾವುದು, ಸೆರಗು ಯಾವುದು, ಹೆಂಗ ಕೂಡಸ್ತೀರಿ, ಯಾವ ಊರು. ಮುಗೀತು. ದಿಲ್ಲಿ ಮೇಳದಾಗ ನಮ್ಮ ಅಂಗಡಿ ಮುಂದ ಹಾಕ್ತಾರ. ಚಿತ್ರದಾಗ ಹೆಸರಿರೋರು ಅಂಗಡ್ಯಾಗ ಕೂತು ಕೈಕೆಲಸ ತೋರಸ್ಬೇಕು. ಅವ್ರನ್ನs ಸಂಘದ ಸದಸ್ಯರನ್ನಾಗಿ ಮಾಡಿ, ಮಜೂರಿ ಅವ್ರ ಕೈಗೇ ಕೊಡೂದು ಅಂತ ಠರಾವು ಆಗೇತಿ.”

ಚಿತ್ರದವಳು ಅರುಂಧತಿ, ಧಾರವಾಡದ ಹುಡುಗಿ. ಬಂದವಳೇ ಚಪ್ಪಲಿ ಹೊರಗೆ ಬಿಟ್ಟು ಕುಣಿಮಗ್ಗದ ಪಕ್ಕ ನೆಲಕ್ಕೇ ಕುಳಿತಳು. ಈರಪ್ಪ ಲಾಳಿ ಹೊಡೆಯುವುದನ್ನು ಕ್ಯಾಮೆರಾದಲ್ಲಿ ತೆಗೆದುಕೊಂಡಳು. ಸದ್ದು ಮಾತ್ರ ಕೆಟ್ಟಿತು. ಹಿಂದಿನ ಓಣಿಯ ಪವರ್‌ಲೂಮುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು.

“ಮಾತು ಆಮ್ಯಾಲೆ ಫೋನಿನ್ಯಾಗ ಹೇಳಿ ಕಳಸ್ರಿ, ಅಮ್ಮಾ. ಈಗ ನಿಮ್ಮ ಕೈ ತೋರಸ್ರಿ.”

ಗುರುಬಾಯಿ ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾವಂತ್ರವ್ವ ಹಾಸಿನ ಮುಂದೆ ಕುಳಿತಳು. ಕ್ಯಾಮೆರಾ ಅವಳ ಬೆರಳ ಬಳಿಗೆ ಬಂತು. ಕುಣಿಕೆ ಎಲ್ಲಿದೆಯೆಂದು ಬೆರಳಿಗೆ ಗೊತ್ತು, ಆದರೆ ಕೆಂಪು ಎಳೆ ಕಾಣದು. ಒಮ್ಮೆ ತಪ್ಪಿತು. ಮತ್ತೊಮ್ಮೆ ತೂರಿಸಿದಳು, ಎರಡು ಎಳೆ ಒಟ್ಟಿಗೆ ಸಿಕ್ಕವು. ಎಳೆದಳು. ರೇಷ್ಮೆ ಪಟ್ಟೆಂದು ಹರಿಯಿತು.

“ಕ್ಯಾಮೆರಾ ನೋಡಿ ನಾಚ್ಯಾರ ನೋಡ್ರಿ, ಹೊಸ ಮದಲಗಿತ್ತಿ ಹಂಗ!” ಎಂದು ಸಂಗನಬಸಪ್ಪ ನಕ್ಕ.

ಈರಪ್ಪ ನಗಲಿಲ್ಲ. ಒಳಗೆ ತಿರುಗಿ ಕೂಗಿದ. “ಗುರುಬಾಯಿ, ಕೈ ಒರಸ್ಕೊಂಡ್ ಬಾ. ಒಂದೀಟು ಟೋಪಿ ಹಾಕಿ ಹೋಗು.”

ಗುರುಬಾಯಿ ಬಂದಳು. ಸೆರಗಿಗೆ ಕೈ ಒರೆಸಿ, ಒಣಗುವವರೆಗೆ ಊದಿ, ಹರಿದ ಎಳೆಯನ್ನು ಹೊಸೆದಳು. ಆಮೇಲೆ ಕುಣಿಕೆಗಳು ಒಂದರ ಹಿಂದೊಂದು ಕೂಡುತ್ತ ಹೋದವು. ಸಾವಂತ್ರವ್ವನಿಗೆ ಕಂಡದ್ದು ಬರೀ ಅಲುಗುವ ಕೆಂಪು. ಅದರ ಲಯ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

“ಅಯ್ಯ, ಎಷ್ಟ್ ಚಂದ!” ಅರುಂಧತಿ ತಲೆಯೆತ್ತಿದಳು. “ನೀವೂ ದಿನಾ ಮಾಡ್ತೀರೇನು?”

ಗುರುಬಾಯಿ ಬಾಯಿ ತೆರೆಯುವಷ್ಟರಲ್ಲಿ ಸಾವಂತ್ರವ್ವ ಹೇಳಿಬಿಟ್ಟಳು. “ಅಕಿಗೆ ನಾನs ಕಲ್ಸೀನ್ರಿ. ಆಗೊಮ್ಮೆ ಈಗೊಮ್ಮೆ ಕೈ ಹಚ್ತಾಳ.”

ಕಲಿಸಿದ್ದು ನಿಜ. ಅದಕ್ಕೇ ಮಾತು ಅಷ್ಟು ಸಲೀಸಾಗಿ ಹೊರಬಿತ್ತು. ಗುರುಬಾಯಿ ಒಂದು ಕ್ಷಣ ಅತ್ತಿಗೆಯ ಕಡೆ ನೋಡಿದಳು. ನೋಡಿದಳೆಂದು ಸಾವಂತ್ರವ್ವನಿಗೆ ಕಣ್ಣಿಲ್ಲದೆಯೂ ಗೊತ್ತಾಯಿತು.

“ಉಪ್ಪಿಟ್ಟು ಆರಾಕತ್ತೈತ್ರಿ,” ಎಂದಷ್ಟೇ ಹೇಳಿ ಎದ್ದಳು.

ಅರುಂಧತಿ ಕೈಗಳ ಚಿತ್ರ ಇಟ್ಟುಕೊಂಡು, ಸಾವಂತ್ರವ್ವನ ನಗುಮುಖವನ್ನು ಬೇರೆಯಾಗಿ ತೆಗೆದುಕೊಂಡಳು. “ಕೈ ಇವರದು, ಮುಖ ನಿಮ್ಮದು. ನೋಡೋರಿಗೆ ಗೊತ್ತಾಗೋದಿಲ್ಲ ಬಿಡ್ರಿ.” ಅವಳಿಗೆ ಅದರಲ್ಲಿ ಕೆಡುಕೇನೂ ಕಾಣಲಿಲ್ಲ. ಕಾಣುವಂತೆ ಯಾರು ಹೇಳಿದ್ದರು?

ಬಂದವರು ಹೋದ ಮೇಲೆ ತಾಟು ತೊಳೆಯುತ್ತ ಗುರುಬಾಯಿ ಹೇಳಿದಳು. “ನಿಮ್ಮ ಮಾರಿ ಚಲೋ ಬರ್ತೈತಿ ಬಿಡ್ರಿ, ವೈನಿ. ಫೋಟೋದಾಗ ಮೊದ್ಲಿಂದಲೂ ನೀವs ಚಂದ.”

“ಹಂಗ್ಯಾಕ ಅಂತಿ?”

“ನಾ ಏನಂದೆ? ಚಂದ ಅಂದೆ.” ತಾಟನ್ನು ಬೋರಲು ಹಾಕಿದಳು. “ಸೀರಿ ನೋಡಿದೋರು ಸೆರಗು ಚಂದ ಅಂತಾರ. ಟೋಪಿ ಚಂದ ಅಂದೋರ್ನ ನಾ ನೋಡಿಲ್ಲ.”

ಬೈದಿದ್ದರೆ ಸಾವಂತ್ರವ್ವ ತಿರುಗಿ ಬೈಯಬಹುದಿತ್ತು. ಗಂಡನ ಮನೆಯಿಂದ ಬಂದ ದಿನ ಒಳಗೆ ಕರೆದು ಉಣ್ಣಿಸಿದ್ದು ಯಾರು, ಎಂದು ಕೇಳಬಹುದಿತ್ತು. ಆ ಮಾತು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿತ್ತೋ! ಉಣ್ಣಿಸಿದ ಆ ತುತ್ತಿನ ಲೆಕ್ಕಕ್ಕೇ ಇವಳಿಂದ ಎಷ್ಟು ಸೀರೆ ಕೂಡಿಸಿಕೊಂಡೆ ಎಂದು ಈಗ ಅನ್ನಿಸಿತು. ನೀರಿನ ಕೊಡ ಎತ್ತಿಕೊಳ್ಳುವ ನೆವದಲ್ಲಿ ಹೊರಗೆ ಹೋದಳು.

ಮರುದಿನ ಅರುಂಧತಿಯ ಫೋನು ಬಂತು. ಹೇಳಬೇಕಾದದ್ದನ್ನು ಎರಡು ಸಲ ಓದಿ ಹೇಳಿದಳು. “ಇಳಕಲ್ಲಿನ ಸೀರಿ. ಒಡಲು ಹತ್ತಿ, ಸೆರಗು ರೇಷ್ಮಿ. ಎರಡನ್ನೂ ಕೂಡಸೂದು ನನ್ನ ಕೈ. ನಾನು ಸಾವಂತ್ರವ್ವ. ಇಷ್ಟs, ಅಮ್ಮಾ. ಇದಕ್ಕಿಂತ ಒಂದು ಮಾತು ಹೆಚ್ಚಾದ್ರೂ ಹಿಡಿಸೋದಿಲ್ಲ, ಒಂದs ಹೆಸರಿಗೆ ಜಾಗ ಐತಿ.”

ಪವರ್‌ಲೂಮಿನವರು ಊಟಕ್ಕೆ ಬಿಟ್ಟಾಗ ಓಣಿ ಸುಮ್ಮನಾಗುತ್ತದೆ. ಸಾವಂತ್ರವ್ವ ಫೋನು ಹಿಡಿದು ಮಾಳಿಗೆ ಹತ್ತಿದಳು. ಕೆಳಗೆ ಗುರುಬಾಯಿ ಮುಂದಿನ ಸೀರೆಯ ಹಾಸಿನೆದುರು ಕುಣಿಕೆ ಕೂಡಿಸುತ್ತ ಕುಳಿತಿದ್ದಳು. ಗುಂಡಿ ಒತ್ತಿ ಹಿಡಿದರೆ ಮಾತು ಸೇರುತ್ತದೆ, ಬೆರಳು ಎಡಕ್ಕೆ ಸರಿಸಿದರೆ ಅಳಿಸಿಹೋಗುತ್ತದೆ, ಬಿಟ್ಟರೆ ಅರುಂಧತಿಗೆ ಹೋಗಿಬಿಡುತ್ತದೆ. ಇಷ್ಟನ್ನು ಅವಳು ಕಲಿತಿದ್ದಳು.

“ಇಳಕಲ್ಲಿನ ಸೀರಿ. ಒಡಲು ಹತ್ತಿ, ಸೆರಗು ರೇಷ್ಮಿ. ಎರಡನ್ನೂ ಕೂಡಸೂದು ನನ್ನ…”

ಬೆರಳು ಎಡಕ್ಕೆ ಸರಿಯಿತು.

ನಿಜ ಹೇಳಿದರೆ ಸಂಘದವರು ಕೇಳುತ್ತಾರೆ, ಇಷ್ಟು ದಿನ ಯಾಕೆ ಸುಳ್ಳು ಹೇಳಿದಿರಿ ಎಂದು. ಈರಪ್ಪ ಕೇಳುತ್ತಾನೆ, ಮನೆ ಮಾನ ಬೀದಿಗೆ ತಂದೆಯಾ ಎಂದು. ಟೋಪಿಯ ಮಜೂರಿ ಇನ್ನು ಇವಳ ಕೈಗಲ್ಲ, ಗುರುಬಾಯಿಯ ಕೈಗೆ. ಕಣ್ಣು ಕಾಣದ ಸಾವಂತ್ರವ್ವ ಆಗ ಯಾರು? ರೊಟ್ಟಿ ಬಡಿಯುವವಳು. ಅದಕ್ಕೂ ಈ ಮನೆಯಲ್ಲಿ ಹೆಸರಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮತ್ತೆ ಒತ್ತಿದಳು. “…ಎರಡನ್ನೂ ಕೂಡಸೂದು ನನ್ನ ನಾದಿನಿ ಗುರುಬಾಯಿ ಕೈ.” ತನ್ನ ಮಾತು ತನ್ನ ಕಿವಿಗೇ ಬಿತ್ತು. ಕೊಡುವಾಗಲೂ ‘ನನ್ನ’ ಎಂದು ಹಿಡಿದುಕೊಂಡೇ ಕೊಡುತ್ತಿದ್ದೇನಲ್ಲ! ಮತ್ತೆ ಎಡಕ್ಕೆ ಸರಿಸಿದಳು.

ದೂರದಲ್ಲಿ ಒಂದು ಪವರ್‌ಲೂಮು ಖಟ್ ಎಂದು ಶುರುವಾಯಿತು. ಇನ್ನೊಂದು ಸೇರುವಷ್ಟರಲ್ಲಿ ಹೇಳಿಬಿಡಬೇಕು. ಫೋನನ್ನು ಬಾಯಿಯ ಹತ್ತಿರಕ್ಕೆ ತಂದಳು.

“ಇಳಕಲ್ಲಿನ ಸೀರಿ. ಒಡಲು ಹತ್ತಿ, ಸೆರಗು ರೇಷ್ಮಿ. ಎರಡನ್ನೂ ಕೂಡಸೂದು ಗುರುಬಾಯಿ ಕೈ.”

ಬೆರಳು ಬಿಟ್ಟಳು.